ನಿಮ್ಮ ಆಯ್ಕೆಗೆ ಹೊಂದುವ ಕೆಲಸಗಳಿಲ್ಲ

ಪ್ರತಿ ಸೋಮವಾರ ಸಂಜೆ ಶಂಕರಲಿಂಗ ಆಫೀಸಿನಿಂದ ಒಂದು ಹಾಳೆ ಮಡಚಿ ತರುತ್ತಿದ್ದ. ಅಂಗಿಯ ಜೇಬಿನಿಂದ ಅದನ್ನು ತೆಗೆದು ಹೆಂಡತಿ ಮಂಗಲಾಳ ಕೈಗೆ ಕೊಡುತ್ತಿದ್ದ. ಅದರಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು: ಈ ವಾರ ನಿಮ್ಮ ಆಯ್ಕೆಗೆ ಹೊಂದುವ ಕೆಲಸಗಳಿಲ್ಲ.

"ಇರ್ಲಿ ಬಿಡು, ಮುಂದಿನ ವಾರ ನೋಡೂಣು," ಎನ್ನುತ್ತಿದ್ದ. ದನಿಯಲ್ಲಿ ಮರುಕ ಇರುತ್ತಿತ್ತು.

ಎರಡೂವರೆ ವರ್ಷ ಆ ಹಾಳೆಗಳು ಬಂದವು. ಮೊದಮೊದಲು ಮಂಗಲಾ ಅವನ್ನು ಟ್ರಂಕಿನಲ್ಲಿ ಇಟ್ಟುಕೊಂಡಳು. ಆಮೇಲೆ ಮಗಳ ಮೂಗು ಒರೆಸಲು, ರೊಟ್ಟಿ ಬುಟ್ಟಿಯ ತಳಕ್ಕೆ ಹಾಸಲು ಬಳಸಿದಳು.

ಇಬ್ಬರೂ ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವರು. ಅವಳಿಗೆ ಫಸ್ಟ್ ಕ್ಲಾಸ್, ಅವನಿಗೆ ಸೆಕೆಂಡ್. ಮದುವೆಯಾಗಿ ಗೋವಾದ ವಾಸ್ಕೋಗೆ ಬಂದ ಮೇಲೆ ಅವಳು ವೆರ್ಣಾದ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಒಂದೂವರೆ ವರ್ಷ ಕೆಲಸ ಮಾಡಿದ್ದಳು. ಮಾತ್ರೆಗಳ ಗುಣಮಟ್ಟ ನೋಡುವ ಕೆಲಸ. ಬಸಿರಾದಾಗ ಬಿಟ್ಟಳು. ಅವನು ಬಂದರಿನಲ್ಲಿ ಅದಿರು ಪರೀಕ್ಷೆ ಮಾಡುವ ಖಾಸಗಿ ಲ್ಯಾಬಿನಲ್ಲಿ ಇದ್ದ, ವರ್ಷ ವರ್ಷ ನವೀಕರಿಸುವ ಗುತ್ತಿಗೆಯ ಮೇಲೆ.

ಮಗಳಿಗೆ ಎಂಟು ತಿಂಗಳಾದಾಗ ಅತ್ತೆ ಹನುಮವ್ವನೇ ಮಾತು ತೆಗೆದಿದ್ದಳು. "ಕೂಸಿನ್ನ ನಾ ನೋಡ್ಕೋತೀನಿ. ಓದಿದಾಕಿ ನೀ, ಒಲಿ ಮುಂದ ಕುಂತ್ರ ಹ್ಯಾಂಗ? ಹೋಗು ಕೆಲಸಕ್ಕ." ಮುರಗಾಂವದ ಹಡಗುಕಟ್ಟೆಯಲ್ಲಿ ಬುಟ್ಟಿ ಹೊತ್ತು ಮಗನನ್ನು ಓದಿಸಿದವಳು ಆಕೆ. ಬೆನ್ನು ಸೋತ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದಳು.

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕೆಲಸ ಹುಡುಕುವ ವೆಬ್‌ಸೈಟಿನಲ್ಲಿ ಹೆಸರು ಹಾಕಲು ಶಂಕರಲಿಂಗ ತಾನೇ ಮುಂದಾದ. ಅವಳು ಹಾಳೆಯ ಮೇಲೆ ತನ್ನ ಓದು, ಅನುಭವ, ಗೊತ್ತಿರುವ ಯಂತ್ರಗಳ ಹೆಸರು ಎಲ್ಲ ಬರೆದುಕೊಟ್ಟಳು. "ಊರು ವೆರ್ಣಾ, ವಾಸ್ಕೋ, ಮಡಗಾಂವ. ಪರ್ಮನೆಂಟ್ ಇದ್ರ ಚಲೋ, ಇಲ್ಲಂದ್ರ ಗುತ್ತಿಗಿನೂ ನಡೀತೈತಿ ಅಂತ ಹಾಕ್ರಿ," ಎಂದು ಹೇಳಿಕಳಿಸಿದಳು. ಅವನು ಹೂಂ ಅಂದ.

ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಮಂಗಲಾ ಕನ್ನಡಿ ನೋಡಿಕೊಳ್ಳುವುದನ್ನು ಕಡಿಮೆ ಮಾಡಿದ್ದಳು. ತನ್ನ ಓದಿನ ಮಾತು ಬಂದರೆ ಎದ್ದುಹೋಗುತ್ತಿದ್ದಳು. ಒಮ್ಮೆ ಹನುಮವ್ವ ನೆರೆಯವರ ಮುಂದೆ "ನನ್ನ ಸೊಸಿ ಬಿಎಸ್ಸಿ" ಅಂದಾಗ, "ಯಾರಿಗಿ ಬೇಕಾಗೇತ್ರಿ ಅತ್ತಿ ಅದು, ಬಿಡ್ರಿ," ಎಂದು ಸಿಟ್ಟಾಗಿದ್ದಳು.

೨೦೧೧ರ ಜುಲೈನಲ್ಲಿ ವಾಸ್ಕೋ ಮಾರ್ಕೆಟ್ಟಿನಲ್ಲಿ ಮುಮ್ತಾಜ ಸಿಕ್ಕಳು. ಕಾಲೇಜಿನ ಗೆಳತಿ. ಮಾತಾಡುತ್ತ, ತಾನೀಗ ವೆರ್ಣಾದ ಒಂದು ಕಂಪನಿಯಲ್ಲಿ ನೇಮಕಾತಿ ವಿಭಾಗದಲ್ಲಿರುವುದಾಗಿ ಹೇಳಿದಳು. ಮಂಗಲಾ ನಕ್ಕು, "ನನಗ ಯಾವ ಕಂಪನಿನೂ ಕರಿಯಂಗಿಲ್ಲ ನೋಡು," ಅಂದಳು.

"ಯಾಕ ಕರಿಯಂಗಿಲ್ಲ? ಪ್ರತಿ ತಿಂಗಳ ನಾವು ಗೋವಾದಾಗ ಕ್ವಾಲಿಟಿ ಕೆಮಿಸ್ಟ್ ಹುಡುಕತೀವಿ. ನಾಕು ಮಂದಿ ಸಿಗೂದು ಕಷ್ಟ. ನಿನ್ನ ಹೆಸರ ಒಮ್ಮೆನೂ ಬಂದಿಲ್ಲಲ್ಲ. ವೆಬ್‌ಸೈಟಿನ್ಯಾಗ ಅದೀ ಏನು?"

"ಎರಡೂವರೆ ವರ್ಷ ಆತು."

ಮುಮ್ತಾಜ ಹುಬ್ಬು ಗಂಟಿಕ್ಕಿದಳು. "ನಾಳೆ ಆಫೀಸಿಗಿ ಬಾ."

ಮರುದಿನ ಮಂಗಲಾ ಬಸ್ಸು ಹಿಡಿದು ಹೋದಳು. ಮುಮ್ತಾಜ ತನ್ನ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದಳು. ಕಂಪನಿಯವರಿಗೆ ಕಾಣುವ ಪುಟವೇ ಬೇರೆ ಇತ್ತು. ಮುಮ್ತಾಜ ಮೊದಲು ದಿನಾ ಹುಡುಕುವ ಹಾಗೆ ಹುಡುಕಿ ತೋರಿಸಿದಳು: ಊರು ಗೋವಾ, ಹುದ್ದೆ ಕ್ವಾಲಿಟಿ ಕೆಮಿಸ್ಟ್, ಫುಲ್ ಟೈಮ್. ಮೂರು ಹೆಸರು ಬಂದವು. ಮಂಗಲಾ ಇರಲಿಲ್ಲ. ಆಮೇಲೆ ಊರು, ಹುದ್ದೆ ಎಲ್ಲ ಅಳಿಸಿ ಬರೀ ಹೆಸರು ಹಾಕಿದಳು. ಆಗ ಬಂತು.

ಓದು, ಅನುಭವ ಎಲ್ಲ ಸರಿಯಾಗೇ ಇತ್ತು, ಅವಳು ಬರೆದುಕೊಟ್ಟಂತೆಯೇ. ಅದರ ಕೆಳಗೆ ಇದ್ದವು ಅವಳ ಆಯ್ಕೆಗಳು. ಬೇಕಾದ ಹುದ್ದೆ: ಟೈಪಿಸ್ಟ್. ಕೆಲಸದ ಬಗೆ: ಪಾರ್ಟ್ ಟೈಮ್ ಮಾತ್ರ. ಬೇರೆ ಊರಿಗೆ ಹೋಗಲು: ಒಪ್ಪಿಗೆ ಇಲ್ಲ. ಬೇಕಾದ ಊರು: ವಾಳಪೈ.

"ವಾಳಪೈ?" ಅಂದಳು ಮಂಗಲಾ. ಗೋವಾದ ಇನ್ನೊಂದು ಮೂಲೆಯ ಆ ಊರನ್ನು ಅವಳು ನೋಡಿಯೇ ಇರಲಿಲ್ಲ. ವಾಸ್ಕೋದಿಂದ ಎರಡು ಬಸ್ಸು ಬದಲಿಸಿ ಹೋಗಬೇಕು.

"ಮಂಗಲಾ," ಮುಮ್ತಾಜ ಸಣ್ಣ ದನಿಯಲ್ಲಿ ಹೇಳಿದಳು, "ಇದರ ಪಟ್ಟಿಯೊಳಗ ವಾಳಪೈ ಇಲ್ಲ. ಗೋವಾ ಅಂತ ಒತ್ತೂದು ಸರಳ. ಇದನ್ನ 'ಇತರೆ' ಅಂತ ಒತ್ತಿ ಕೈಲೆ ಟೈಪ್ ಮಾಡಬೇಕು. ತಪ್ಪಿ ಆಗೂದಲ್ಲ ಇದು."

ಆಮೇಲೆ ಮುಮ್ತಾಜ ಇನ್ನೊಂದನ್ನು ನೋಡಿದಳು, ತಕ್ಷಣ ಪುಟ ಮುಚ್ಚಲು ಹೋದಳು. ಮಂಗಲಾ ಕೈ ಹಿಡಿದಳು. ಹೆಸರಿನ ಪಕ್ಕ ಮುಮ್ತಾಜಳ ಕಂಪನಿಯವರೇ ಹಿಂದಿನ ವರ್ಷ ಬರೆದಿಟ್ಟ ಟಿಪ್ಪಣಿ ಇತ್ತು: ಸಂಪರ್ಕಿಸಲಾಗಿದೆ, ಆಸಕ್ತಿ ಇಲ್ಲ ಎಂದಿದ್ದಾರೆ, ಮತ್ತೆ ಕರೆಯುವುದು ಬೇಡ.

ಬಸ್ಸಿಳಿದು ಮಂಗಲಾ ಮನೆಗೆ ಹೋಗಲಿಲ್ಲ. ಸ್ಟೇಷನ್ನಿನ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತಳು. ಒಮ್ಮೆ ರೈಲು ಟಿಕೆಟ್ ಪ್ರಿಂಟ್ ತೆಗೆಸಲು ಶಂಕರಲಿಂಗ ಫೋನಿನಲ್ಲಿ ತನ್ನ ಪಾಸ್‌ವರ್ಡ್ ಹೇಳಿದ್ದ. ತಾಯಿಯ ಹೆಸರು, ಅದರ ಮುಂದೆ ಅವನು ಹುಟ್ಟಿದ ವರ್ಷ. ತನ್ನ ಹೆಸರಿನಲ್ಲಿ ಅವನು ತೆರೆದಿದ್ದ, ಮುಮ್ತಾಜಳ ಪುಟದಲ್ಲಿ ಕಂಡಿದ್ದ ಇಮೇಲಿಗೆ ಅದನ್ನೇ ಹಾಕಿದಳು. ತೆರೆಯಿತು.

ಜಾಬ್ ಅಲರ್ಟಿನ ಮೇಲ್‌ಗಳು ಸಾಲಾಗಿ ಇದ್ದವು. ವಾಳಪೈ, ಟೈಪಿಸ್ಟ್, ಪಾರ್ಟ್ ಟೈಮ್, ವಾರಕ್ಕೊಮ್ಮೆ. ಹುಡುಕಲು ಹೇಳಿದ್ದೇ ಅದು. ಇಲ್ಲ ಎಂದು ಬರುತ್ತಿದ್ದುದು ಖರೆಯೇ. ಅವುಗಳ ನಡುವೆ ಬೇರೆ ಎರಡು ಪತ್ರ. ಊರು ಲೆಕ್ಕಿಸದೆ, ಅವಳಿಗೆ ಗೊತ್ತಿದ್ದ ಯಂತ್ರದ ಹೆಸರಿನ ಮೇಲೆ ಹುಡುಕಿದ ಇಬ್ಬರಿಗೆ ಅವಳು ಸಿಕ್ಕಿದ್ದಳು. ಒಂದು ಮುಮ್ತಾಜಳ ಕಂಪನಿ. ಎರಡಕ್ಕೂ ಉತ್ತರ ಹೋಗಿತ್ತು, ಅವಳ ಹೆಸರಿನಲ್ಲಿ, ಒಂದೇ ಮಾತು: ನಾನು ಮನೆಯಲ್ಲಿ ಸುಖವಾಗಿದ್ದೇನೆ. ದಯವಿಟ್ಟು ಮತ್ತೆ ಬರೆಯಬೇಡಿ.

ವೆಬ್‌ಸೈಟಿನ ಖಾತೆಗೂ ಅದೇ ಪಾಸ್‌ವರ್ಡ್ ಹಾಕಿದಳು. ತನ್ನ ಆಯ್ಕೆಗಳನ್ನು ಒಂದೊಂದಾಗಿ ಬದಲಿಸಿದಳು. ಗೋವಾ, ಫುಲ್ ಟೈಮ್, ಕ್ವಾಲಿಟಿ ಕೆಮಿಸ್ಟ್. ಗುತ್ತಿಗೆಯ ಮುಂದೆಯೂ ಗುರುತು ಹಾಕಿದಳು. ಅಲರ್ಟನ್ನು ದಿನಕ್ಕೊಮ್ಮೆ ಎಂದು ಮಾಡಿ ಹೊಸ ಇಮೇಲ್, ತನ್ನ ಮೊಬೈಲ್ ನಂಬರು ಕೊಟ್ಟಳು. ಆಮೇಲೆ ಲಾಗೌಟ್ ಆಗಿ ಶಂಕರಲಿಂಗನ ಇಮೇಲಿಗೂ ಅದನ್ನೇ ಹಾಕಿದಳು. ಅದೇ ವೆಬ್‌ಸೈಟಿನ ಪತ್ರಗಳು ಅಲ್ಲೂ ಇದ್ದವು.

ಅವನೂ ಮೂರೂವರೆ ವರ್ಷದಿಂದ ಕೆಲಸ ಹುಡುಕುತ್ತಿದ್ದ. ಅವಳಿಗೆ ಹೇಳಿರಲಿಲ್ಲ. ಗೋವಾ, ಪುಣೆ, ಗುಜರಾತ್, ಪರ್ಮನೆಂಟ್, ಎಲ್ಲ ಸರಿಯಾಗಿ ತುಂಬಿದ್ದ. ತನ್ನ ಲ್ಯಾಬಿನವರಿಗೆ ತಿಳಿಯಬಾರದೆಂದು ಆ ಕಂಪನಿಯ ಹೆಸರನ್ನು ಬ್ಲಾಕ್ ಪಟ್ಟಿಯಲ್ಲಿ ಇಟ್ಟಿದ್ದ. ಇಮೇಲಿನಲ್ಲಿ ಒಂದೂ ಕರೆ ಬಂದಿರಲಿಲ್ಲ.

ಅವನ ಗುತ್ತಿಗೆ ನವೀಕರಣ ಆ ತಿಂಗಳ ಕೊನೆಗೆ ಇತ್ತು. ಮಂಗಲಾಳಿಗೆ ಅದು ಗೊತ್ತಿತ್ತು. ಬ್ಲಾಕ್ ಪಟ್ಟಿಯಿಂದ ಆ ಹೆಸರನ್ನು ತೆಗೆದಳು. ಹೊಸದಾಗಿ ತಿದ್ದಿದ ಹೆಸರುಗಳು ಹುಡುಕುವವರಿಗೆ ಮೇಲೆ ಕಾಣುತ್ತವೆ ಎಂದು ಮುಮ್ತಾಜ ಬೆಳಿಗ್ಗೆಯಷ್ಟೇ ಹೇಳಿದ್ದಳು. ಅವನ ರೆಸ್ಯೂಮೆಯಲ್ಲಿ ಒಂದು ಪದ ತಿದ್ದಿ ಸೇವ್ ಒತ್ತಿದಳು. ಮನೆಗೆ ಹೋಗುವಾಗ ಕೊತ್ತಂಬರಿ ತಗೊಂಡಳು.

ಒಂಬತ್ತನೆಯ ದಿನ ಶಂಕರಲಿಂಗ ಮಧ್ಯಾಹ್ನವೇ ಬಂದ. ಹನುಮವ್ವ ಮೊಮ್ಮಗಳನ್ನು ಕರೆದುಕೊಂಡು ನಲ್ಲಿಗೆ ಹೋಗಿದ್ದಳು. ಅವನು ಬೂಟು ಬಿಚ್ಚದೆ ಕುರ್ಚಿಯ ಮೇಲೆ ಕೂತ.

"ಸಾಹೇಬ ಕರದಿದ್ದ. ಹೊರಗ ಹುಡುಕಾಕತ್ತೀರಂತಲ್ಲ, ಚಲೋ ಆತು, ನಾವೂ ಬ್ಯಾರೆಯವರ್ನ ನೋಡ್ಕೊಂಡೀವಿ ಅಂದ. ನನ್ನ ಪುಟ ಪ್ರಿಂಟ್ ತಗದು ಮೇಜಿನ ಮ್ಯಾಲ ಇಟ್ಟಿದ್ದ." ಅವನು ತಲೆ ಎತ್ತಿದ. "ನಾ ಬ್ಲಾಕ್ ಮಾಡಿದ್ನಿ ಮಂಗಲಾ. ಖರೇನ ಮಾಡಿದ್ನಿ. ಯಾರೋ ತಗದಾರ."

"ನಾನ ತಗದೇನ್ರಿ."

ಅವನಿಗೆ ಕೂಡಲೇ ಅರ್ಥವಾಗಲಿಲ್ಲ.

"ನಾ ವಾಳಪೈಯಾಗ ಟೈಪಿಸ್ಟ್ ಆಗಾಕ ಹೊಂಟಿದ್ನೆಲ್ಲರಿ," ಅಂದಳು. "ಮನ್ಯಾಗ ಸುಖವಾಗಿನೂ ಇದ್ನಿ. ನೀವ ಬರದೀರಿ."

ಅವನು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ. ಮಂಗಲಾ ಕಾದಳು. ಕೂಸಿನ ಸಲುವಾಗಿ ಎನ್ನುತ್ತಾನೆ, ಮನೆಯ ಸಲುವಾಗಿ ಎನ್ನುತ್ತಾನೆ ಎಂದು ಉತ್ತರಗಳನ್ನು ಹೊಂದಿಸಿಟ್ಟುಕೊಂಡಿದ್ದಳು.

"ನಿಂದು ಸರಿಯಾಗೇ ಹಾಕಬೇಕಂತ ಕುಂತಿದ್ನಿ," ಅಂದ. "ನನ್ನದು ಹಾಕಿ ಒಂದು ವರ್ಷ ಆಗಿತ್ತು, ಒಬ್ಬರೂ ಕರದಿರಲಿಲ್ಲ. ನಿಂದು ಹಾಕಿದ್ರ ಎಂಟು ದಿನದಾಗ ಫೋನ್ ಬರತಾವ ಅಂತ ಗೊತ್ತಿತ್ತು. ಈ ಮನ್ಯಾಗ ನಿನಗ ಫೋನ್ ಬರೂದನ್ನ ನಾ ನೋಡ್ಕೋತ ಕುಂದ್ರಬೇಕಿತ್ತು."

"ಹಾಳಿ ಯಾಕ ತರತಿದ್ರಿ? ಸುಮ್ನ ಇಲ್ಲ ಅಂದ್ರ ಆಗತಿದ್ದಿಲ್ಲೇನು?"

ಅವನು ನೆಲ ನೋಡಿದ. "ಓದಿದ ಮ್ಯಾಲ ನಿನ್ನ ಮುಖ ಸಣ್ಣದಾಗತಿತ್ತು. ಆಗ ನನ್ನ ಮಗ್ಗಲಕ ಬಂದು ಕುಂದರತಿದ್ದಿ."

ಮಂಗಲಾಳಿಗೆ ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ. ಅಷ್ಟರಲ್ಲಿ ಹನುಮವ್ವ ಕೊಡ ಹೊತ್ತು ಬಂದಳು, ಮಗನ ಮುಖ ನೋಡಿ ಕೊಡ ಇಳಿಸಿದಳು. "ಏನಾತಪಾ?"

"ಕೆಲಸ ಹೋತವ್ವಾ," ಅಂದ. ಹೇಗೆ ಎಂದು ಹೇಳಲಿಲ್ಲ. ಮಂಗಲಾಳೂ ಹೇಳಲಿಲ್ಲ.

ಅವಳಿಗೆ ಫೋನ್‌ಗಳು ಬಂದವು, ಅವನು ಹೆದರಿದ್ದಂತೆ ಎಂಟು ದಿನದಲ್ಲಲ್ಲ, ಮೂರು ವಾರದಲ್ಲಿ. ಎಲ್ಲರೂ ಕೇಳಿದ್ದು ಒಂದೇ: ಮೂರೂವರೆ ವರ್ಷ ಎಲ್ಲಿದ್ದಿರಿ? ಮುಮ್ತಾಜ ತನ್ನ ಕಂಪನಿಯಲ್ಲಿ ಒಂದು ಸಂದರ್ಶನ ಕೊಡಿಸಿದಳು. ಅಲ್ಲಿಯ ಅಧಿಕಾರಿ ಹಳೆಯ ಟಿಪ್ಪಣಿ, ಅದರ ಜೊತೆಗಿದ್ದ ಪತ್ರ ತೆರೆದು, ನಾವು ಕರೆದಾಗ ಮನೆಯಲ್ಲಿ ಸುಖವಾಗಿದ್ದೇನೆ ಎಂದು ಬರೆದಿದ್ದಿರಲ್ಲ ಎಂದು ನಗುತ್ತ ಕೇಳಿದ. ಅದು ನಾನು ಬರೆದದ್ದಲ್ಲ ಎಂದಳು. ಮತ್ತೆ ಯಾರು ಎಂದ. ಗಂಡ ಎಂದರೆ ಮನೆಯ ರಗಳೆ ಇರುವ ಹೆಂಗಸು ಎಂದು ಬರೆದುಕೊಳ್ಳುತ್ತಾರೆ. ಅದು ಅವಳಿಗೆ ತಿಳಿಯಿತು. ಸುಮ್ಮನಾದಳು. ಪಕ್ಕದಲ್ಲಿ ಕೂತಿದ್ದ ಮುಮ್ತಾಜ ತನ್ನ ಪೆನ್ನು ನೋಡುತ್ತಿದ್ದಳು. ಕೆಲಸ ಬೇರೆಯವರಿಗೆ ಹೋಯಿತು.

ಕೊನೆಗೆ ನೀರು ಪರೀಕ್ಷೆಯ ಒಂದು ಸಣ್ಣ ಲ್ಯಾಬಿನಲ್ಲಿ ಆರು ತಿಂಗಳ ಗುತ್ತಿಗೆ ಸಿಕ್ಕಿತು. ಬಾಟಲಿ ತೊಳೆಯುವುದು, ಚೀಟಿ ಅಂಟಿಸುವುದು. ಶಂಕರಲಿಂಗ ಮನೆಯಲ್ಲಿ ಮಗಳನ್ನು ನೋಡಿಕೊಂಡು ಕೂತ. ಅವನ ಫೋನು ಮೊದಲಿನಂತೆಯೇ ಸುಮ್ಮನಿತ್ತು. ಗಂಡ ಹೆಂಡತಿ ಉಪ್ಪು, ನೀರು, ಬಾಗಿಲು ಅನ್ನುವಷ್ಟೇ ಮಾತಾಡುತ್ತಿದ್ದರು.

ಮನೆ ಬಾಡಿಗೆಗೆ ಅವಳ ಸಂಬಳ ಸಾಲಲಿಲ್ಲ. ಹನುಮವ್ವ ಯಾರನ್ನೂ ಕೇಳಲಿಲ್ಲ. ಒಂದು ಬೆಳಿಗ್ಗೆ ಹಳೆಯ ಸೀರೆ ಉಟ್ಟು, ತಲೆಗೆ ಸಿಂಬಿ ಸುತ್ತಿಕೊಂಡು, ದಾಬೋಲಿಮ್ ವಿಮಾನ ನಿಲ್ದಾಣದಲ್ಲಿ ನಡೆಯುತ್ತಿದ್ದ ಕಟ್ಟಡದ ಕೆಲಸಕ್ಕೆ ಹೊರಟಳು. ಮಂಗಲಾ ಬಾಗಿಲಿಗೆ ಅಡ್ಡ ನಿಂತಳು.

"ನಿಮ್ಮ ಬೆನ್ನು ತಡಿಯಂಗಿಲ್ರಿ ಅತ್ತಿ. ಬ್ಯಾಡ್ರಿ."

"ನೀ ಒಬ್ಬಾಕಿ ಎಷ್ಟಂತ ಎಳೀತಿ?" ಹನುಮವ್ವ ಅವಳ ಗಲ್ಲ ಮುಟ್ಟಿದಳು. "ಯಾರೋ ಹೊಟ್ಟಿ ಉರಕೊಂಡು ನನ್ನ ಮಗನ ಕೆಲಸ ತಗಸಿದ್ರವ್ವಾ. ಅವರ ಕೈ ಸೇದಿಹೋಗ್ಲಿ. ನೀ ಮಾತ್ರ ದೇವರಂತಾಕಿ ಸಿಕ್ಕಿ ನಮಗ."

ಒಳಗೆ ಮಗಳಿಗೆ ತಲೆ ಬಾಚುತ್ತಿದ್ದ ಶಂಕರಲಿಂಗ ಬಾಚಣಿಗೆ ನಿಲ್ಲಿಸಿ ಹೆಂಡತಿಯ ಕಡೆ ನೋಡಿದ. ಈಗ ಹೇಳುತ್ತಾನೆ ಎಂದು ಮಂಗಲಾ ಅಂದುಕೊಂಡಳು. ಅವನು ಹೇಳಲಿಲ್ಲ. ಹೇಳಿದರೆ ತನ್ನದೂ ಹೇಳಬೇಕಾಗುತ್ತಿತ್ತು. ಮತ್ತೆ ಬಾಚತೊಡಗಿದ.

ಹನುಮವ್ವ ಬುತ್ತಿ ಎತ್ತಿಕೊಂಡು, ಒಂದು ಕೈ ಸೊಂಟದ ಮೇಲಿಟ್ಟು, ಮನೆ ಮುಂದಿನ ಗುಡ್ಡದ ಮೆಟ್ಟಿಲು ಇಳಿಯತೊಡಗಿದಳು. ಮಂಗಲಾ ಬಾಗಿಲಲ್ಲಿ ನಿಂತು ನೋಡಿದಳು. ಲ್ಯಾಬಿಗೆ ತಡವಾಗುತ್ತಿತ್ತು.