ಉದ್ದದ ಹೆಸರಿನ ಅಳತೆ

ಸರ್ಟಿಫಿಕೇಟಿನ ಗೆರೆಯ ಮೇಲೆ ಕಂಪ್ಯೂಟರು ಪ್ರತಿಯೊಬ್ಬರ ಹೆಸರನ್ನೂ ತಾನೇ ತುಂಬುತ್ತದೆ. ಗೆರೆಗಿಂತ ಉದ್ದವಾದರೆ ಉಳಿದದ್ದು ಕೆಳಗಿನ ಸಾಲಿಗೆ ಬೀಳುತ್ತದೆ. ಆಗ ತಾರೀಖು ಸಹಿಯ ಜಾಗಕ್ಕೆ ಜಾರುತ್ತದೆ. ಅದಕ್ಕೇ ರಾಜಾಜಿನಗರದ ನಮ್ಮ ಡಿಟಿಪಿ ಸೆಂಟರಿನಲ್ಲಿ ನಾನು ಎಲ್ಲರಿಗಿಂತ ಉದ್ದದ ಹೆಸರು ಹಿಡಿಯುವ ಹಾಗೆ ಎಲ್ಲ ಸರ್ಟಿಫಿಕೇಟಿಗೂ ಒಂದೇ ಸಣ್ಣ ಅಕ್ಷರ ಆರಿಸಿದ್ದೆ. ಅದು ಫಿಟ್ಟರ್ ತರಬೇತಿಯ ಚಿಕ್ಕಮುನಿವೆಂಕಟಪ್ಪ ಚನ್ನಕೇಶವನ ಹೆಸರು.

ಮಧ್ಯಾಹ್ನ ತರಬೇತಿ ಕೇಂದ್ರದ ಗುಮಾಸ್ತ ಕೃಷ್ಣಯ್ಯ ಬಂದರು.

"ಮೇಡಂ, ಆ ಉದ್ದದ ಹೆಸರು ತೆಗೆದ್ಬಿಡಿ. ಹುಡುಗ ನಿನ್ನೆ ಮಾಗಡಿ ರೋಡಲ್ಲಿ ಬಸ್ಸಿಗೆ ಸಿಕ್ಕಿ ಹೋಗ್ಬಿಟ್ಟ. ಇನ್ನು ಅಕ್ಷರ ದೊಡ್ಡದು ಮಾಡ್ಬಹುದಲ್ವಾ? ನಮ್ಮ ಸಾಹೇಬ್ರಿಗೆ ದೊಡ್ಡಕ್ಷರ ಇಷ್ಟ."

ಕೀಲಿಗಳ ಮೇಲಿದ್ದ ನನ್ನ ಬೆರಳುಗಳು ಅಲ್ಲೇ ನಿಂತವು. ಮಾಡಬಹುದಿತ್ತು. ಉಳಿದವರ ಹೆಸರುಗಳೆಲ್ಲ ಚಿಕ್ಕವು.

"ಪಾಸಾಗಿದ್ನಾ?" ಎಂದೆ.

"ಫಸ್ಟ್ ಕ್ಲಾಸ್."

"ಹಾಗಾದ್ರೆ ಸರ್ಟಿಫಿಕೇಟ್ ಅವನದೇ."

"ತಗೊಳ್ಳೋರು ಯಾರಮ್ಮಾ?"

"ತಾಯಿ ಇಲ್ವಾ?"

ಅವರು ಕಿಟಕಿಯ ಕಡೆ ತಿರುಗಿದರು. "ಇದಾರೆ. ಅಂಜಮ್ಮ ಅಂತ. ಆರ್‌ಪಿಸಿ ಲೇಔಟ್ನಲ್ಲಿ ನಮ್ಮ ಬೀದೀಲೇ ಸೊಪ್ಪು ಮಾರ್ತಾರೆ."

ನಾನು ಅಕ್ಷರ ಬದಲಿಸಲಿಲ್ಲ. ಅವನದನ್ನೇ ಮೊದಲು ಪ್ರಿಂಟಿಗೆ ಕೊಟ್ಟೆ. ಪ್ರಿಂಟರು ಕಿರುಗುಟ್ಟುತ್ತಾ ಗೆರೆಯ ಈ ತುದಿಯಿಂದ ಆ ತುದಿಯವರೆಗೆ ಹೆಸರು ಬರೆಯಿತು. ಒಂದಕ್ಷರವೂ ಹೊರಗೆ ಹೋಗಲಿಲ್ಲ.

ಕೃಷ್ಣಯ್ಯ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಹೆಸರನ್ನು ನಿಧಾನವಾಗಿ ಓದಿದರು.

"ಇದನ್ನ ಆ ಮನೆಗೆ ನಾನೇ ಕೊಟ್ಟು ಬರ್ಬೇಕಾ, ಮೇಡಂ?"