ಕುಮಾರಿ ಲುವೋ ಅವರ ಗಮನಕ್ಕೆ

ಪುದೀನ ಎಣ್ಣೆಯಿಂದ ತೆಗೆದ ಮೆಂಥಾಲ್ ಹರಳು ನಲವತ್ತೆರಡು ಡಿಗ್ರಿಗೆ ಕರಗಿ ನೀರಾಗುತ್ತದೆ. ನೋಯ್ಡಾದ ಜೂನ್ ತಿಂಗಳು ನಲವತ್ತೈದಕ್ಕೆ ಕಡಿಮೆ ಮಾತೇ ಆಡುವುದಿಲ್ಲ. ಈ ಎರಡು ಸಂಗತಿಗಳ ನಡುವೆ ಸಿಕ್ಕಿಕೊಂಡು, ಎರಡು ಸಾವಿರದ ಏಳನೇ ಇಸವಿಯ ಬೇಸಿಗೆಯಲ್ಲಿ, ನಾನು ಊಟ ಮಾಡುವುದನ್ನೇ ಮರೆತಿದ್ದೆ.

ನೋಯ್ಡಾ ಫೇಸ್ ಟೂನಲ್ಲಿ ನನ್ನದೊಂದು ಸಣ್ಣ ಕಾರ್ಖಾನೆ. ರಾಂಪುರದ ಕಡೆಯ ರೈತರ ಪುದೀನ ಎಣ್ಣೆ ತಂದು, ಶುದ್ಧ ಮಾಡಿ, ಹರಳು ಕಟ್ಟಿಸಿ ಹೊರದೇಶಕ್ಕೆ ಕಳಿಸುವುದು ಕೆಲಸ. ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿದವಳು, ಗಂಡನ ಸರ್ಕಾರಿ ನೌಕರಿಯ ಬೆನ್ನು ಹತ್ತಿ ದಿಲ್ಲಿಯ ಮಯೂರ್ ವಿಹಾರಕ್ಕೆ ಬಂದು, ಸುಮ್ಮನೆ ಕೂರಲಾರದೆ ಇದನ್ನು ಶುರು ಮಾಡಿದೆ. ಆ ವರ್ಷ ಚೀನಾದ ಹಾಂಗ್‌ಝೌ ಊರಿನ ಒಂದು ಮುಲಾಮು ಕಂಪನಿ ನಾನೂರು ಡ್ರಮ್ ಕೇಳಿತ್ತು. ಅಷ್ಟು ದೊಡ್ಡ ಆರ್ಡರ್ ನನಗೆ ಅದೇ ಮೊದಲು. ದೀಪಾವಳಿ ಹೊತ್ತಿಗೆ ಇನ್ನೊಂದು ಕೊಡುವ ಮಾತೂ ಆಡಿದ್ದರು.

ಮಾಲು ತಯಾರಾಗಿ ಗೋದಾಮಿನಲ್ಲಿತ್ತು, ಆದರೆ ಹಡಗು ಹತ್ತಿರಲಿಲ್ಲ. ಡ್ರಮ್ಮಿಗೆ ಅಂಟಿಸುವ ಚೀನೀ ಲೇಬಲ್ಲಿನ ಕರಡನ್ನು ಅವರೇ ಕಳಿಸಬೇಕಿತ್ತು. ಕಳಿಸಿದರು. ಅದರಲ್ಲಿ ಇಪ್ಪತ್ತೈದು ಕಿಲೋ ಇರಬೇಕಾದ ಕಡೆ ಐವತ್ತು ಎಂದಿತ್ತು. ಚೀನೀ ಬಾರದಿದ್ದರೂ ಅಂಕಿ ಓದಲು ಬರುತ್ತದಲ್ಲ, ಅವತ್ತೇ ತಪ್ಪಾಗಿದೆ ಎಂದು ಬರೆದೆ. ತಿದ್ದಿದ ಲೇಬಲ್ ಬರುವಷ್ಟರಲ್ಲಿ ಮೇ ತಿಂಗಳು ಮುಗಿಯುತ್ತಿತ್ತು, ಹಡಗು ತಪ್ಪಿಹೋಯಿತು. ಹಡಗಿನ ಜೊತೆ ಎಲ್‌ಸಿಯ ಗಡುವೂ ದಾಟಿತು. ಎಲ್‌ಸಿ ಅಂದರೆ ಕೊಳ್ಳುವವರ ಬ್ಯಾಂಕು ಕೊಡುವ ಭರವಸೆ ಪತ್ರ. ಅದರಲ್ಲಿ ಹೇಳಿದ ತಾರೀಕಿನೊಳಗೆ ಮಾಲು ಹಡಗು ಹತ್ತಿದರೆ ಮಾತ್ರ ಆ ಬ್ಯಾಂಕು ದುಡ್ಡು ಕೊಡಲು ಬದ್ಧ. ತಾರೀಕು ಮುಂದೆ ಹಾಕಿಸಬೇಕಾದರೆ ಕೊಳ್ಳುವವರೇ ತಮ್ಮ ಬ್ಯಾಂಕಿಗೆ ಹೇಳಿ ತಿದ್ದುಪಡಿ ತರಿಸಬೇಕು. ಅದಿಲ್ಲದೆ ಕಳಿಸಿಬಿಟ್ಟರೆ ನನ್ನ ಮಾಲು ಶಾಂಘೈ ಬಂದರಿನಲ್ಲಿ, ನನ್ನ ಜುಟ್ಟು ಅವರ ಕೈಯಲ್ಲಿ.

ತಿದ್ದುಪಡಿ ಕೇಳಿದ್ದಕ್ಕೆ ಲಿಲಿ ಲುವೋ ಎಂಬ ಹುಡುಗಿಯಿಂದ ಉತ್ತರ ಬಂತು. ಆ ಕಂಪನಿಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ಅವಳೊಬ್ಬಳಿಗೇ, ಲೇಬಲ್ಲಿನ ಕರಡು ಕಳಿಸಿದವಳೂ ಅವಳೇ. ನಾನು ಬರೆದದ್ದೆಲ್ಲ ಅವಳ ಮೂಲಕವೇ ಅವಳ ಮ್ಯಾನೇಜರ್ ಪಾನ್ ಎಂಬವರಿಗೆ ಹೋಗಬೇಕು. ತಡ ಮಾಡಿದ್ದು ನೀವು, ಮ್ಯಾನೇಜರಿಗೆ ತುಂಬಾ ಸಿಟ್ಟು ಬಂದಿದೆ, ಬೆಲೆಯಲ್ಲಿ ನೂರಕ್ಕೆ ಏಳು ಇಳಿಸಿದರೆ ತಾರೀಕು ಮುಂದೆ ಹಾಕುತ್ತೇವೆ, ದಯವಿಟ್ಟು ಕ್ಷಮೆ ಕೇಳಿ ಎಂದು ಬರೆದಿದ್ದಳು. ಓದಿದ ಕೂಡಲೇ ನನ್ನ ಮೈಯೆಲ್ಲ ಉರಿದುಹೋಯಿತು.

ಅದೇ ಇಮೇಲಿನ ಕೆಳಗೆ ಒಂದಷ್ಟು ಚೀನೀ ಸಾಲುಗಳಿದ್ದವು. ಮ್ಯಾನೇಜರ್ ಜೊತೆಗಿನ ಅವಳ ಪತ್ರವ್ಯವಹಾರವನ್ನು ಅಳಿಸುವುದು ಮರೆತು ಕಳಿಸಿದ್ದಳು. ಪಾನ್ ಅವರ ಇಮೇಲ್ ವಿಳಾಸವೂ ಅಲ್ಲೇ ಇತ್ತು. ಪ್ರಿಂಟ್ ತೆಗೆದುಕೊಂಡು ಭಾನುವಾರ ಬೆಳಿಗ್ಗೆಯೇ ಸೆಕ್ಟರ್ ಇಪ್ಪತ್ತೊಂಬತ್ತರಲ್ಲಿರುವ, ನಿವೃತ್ತ ಸೈನ್ಯಾಧಿಕಾರಿಗಳ ಫೌಜಿ ಕಾಲೊನಿಗೆ ಹೋದೆ.

ಅಲ್ಲಿ ಕರ್ನಲ್ ನಾಚಪ್ಪನವರ ಮನೆ. ಮಡಿಕೇರಿ ಕಡೆಯವರು. ಸೈನ್ಯದಲ್ಲಿ ಚೀನೀ ಭಾಷೆ ಕಲಿತು, ಗಡಿಯಲ್ಲಿ ಎರಡೂ ದೇಶದ ಅಧಿಕಾರಿಗಳು ಎದುರುಬದುರು ಕೂತಾಗ ದುಭಾಷಿಯಾಗಿ ಕೂತವರು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಪರಿಚಯವಾಗಿ, ನನಗೆ ತವರಿನ ಹಿರಿಯರ ಹಾಗೇ ಆಗಿದ್ದರು.

ನಾಚಪ್ಪನವರು ಕನ್ನಡಕ ಏರಿಸಿ ಓದಿದರು. "ಮ್ಯಾನೇಜರ್ ಕೇಳಿದ್ದಾರೆ, ಇಂಡಿಯಾದವರು ಯಾಕೆ ತಡ ಮಾಡಿದ್ರು ಅಂತ. ಈ ಹುಡುಗಿ ಬರೆದಿದ್ದಾಳೆ, ಅವರ ಊರಲ್ಲಿ ಕರೆಂಟ್ ಇರೋಲ್ವಂತೆ, ಅದಕ್ಕೇ ಅಂತ. ಲೇಬಲ್ ವಿಷಯ ಎಲ್ಲೂ ಇಲ್ಲಮ್ಮಾ."

"ಕರೆಂಟಾ!" ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. "ಹಗಲೂ ರಾತ್ರಿ ಡೀಸೆಲ್ ಸುರಿದು ಗೋದಾಮಿನ ಏಸಿ ಓಡಿಸ್ತಿದೀನಿ ಸಾರ್. ಅವಳ ತಪ್ಪು ಮುಚ್ಚಿಕೊಳ್ಳೋಕೆ ನನ್ನ ಮರ್ಯಾದೆ ತೆಗೀತಾಳಾ? ಬರೀರಿ, ಚೀನೀಲೇ ಬರೀರಿ, ಸೀದಾ ಆ ಪಾನ್‌ಗೇ. ಅವಳ ಹೆಸರು ಹಾಕಿ ಬರೀರಿ."

ನಾಚಪ್ಪನವರು ಕಾಗದ ತೆಗೆದುಕೊಂಡು ಬರೆಯತೊಡಗಿದರು. ಬರೆದಷ್ಟನ್ನು ಕನ್ನಡದಲ್ಲಿ ಹೇಳಿದರು: "ನಮ್ಮ ಕಡೆಯು ಈ ಘಟನೆಯ ಬಗ್ಗೆ ತೀವ್ರ ಆಕ್ಷೇಪವನ್ನು ದಾಖಲಿಸುತ್ತದೆ ಮತ್ತು ಯಥಾಸ್ಥಿತಿಗೆ ಮರಳುವಂತೆ ಆಗ್ರಹಿಸುತ್ತದೆ."

ಕಾಫಿ ತಂದ ಅವರ ಹೆಂಡತಿ ಚಿಣ್ಣಮ್ಮ ಬಾಗಿಲಲ್ಲೇ ನಿಂತು ನಕ್ಕರು. "ಅಲ್ಲರೀ, ಅವಳು ಪುದೀನ ಮಾರೋಕೆ ಹೊರಟಿರೋದು. ನೀವು ಟ್ಯಾಂಕ್ ಕಳಿಸ್ತಿದೀರಿ."

ನನಗೂ ನಗು ಬಂತು, ಸಿಟ್ಟು ಮಾತ್ರ ಇಳಿಯಲಿಲ್ಲ. ನಾಚಪ್ಪನವರು ಆ ಹಾಳೆಯನ್ನು ಹರಿದು ಇನ್ನೊಂದು ತೆಗೆದುಕೊಂಡರು. ಆದರೆ ಬರೆಯಲಿಲ್ಲ.

"ಶಾರದಾ, ಇಂಗ್ಲಿಷಲ್ಲಿ ನೀನು ಏನು ಬರೆದರೂ ಅದು ಅವಳ ಕೈದಾಟಿ ಹೋಗಬೇಕು. ಚೀನೀಲಿ ಬರೆದು ಪಾನ್‌ಗೆ ಕಳಿಸಿದ್ಯೋ, ಅವಳನ್ನ ಪಕ್ಕಕ್ಕೆ ತಳ್ಳಿದ ಹಾಗೇನೇ. ಏನು ಬರೆದಿದೆ ಅನ್ನೋದು ಆಮೇಲಿನ ಮಾತು. ಹೊರದೇಶದವರು ತನ್ನ ಗುಮಾಸ್ತೆಯನ್ನ ದಾಟಿ ಬಂದ್ರು ಅಂತ ಪಾನ್‌ಗೆ ಗೊತ್ತಾದ ದಿನವೇ ಅವಳ ಕೆಲಸ ಹೋಗತ್ತೆ."

"ಹೋಗಲಿ ಬಿಡಿ."

"ನಾನು ಅದೇ ಜಾಗದಲ್ಲಿ ಕೂತವನು. ಎರಡೂ ಕಡೆ ಸಿಟ್ಟು ಬಂದ್ರೆ ಮೊದಲು ಬೀಳೋದು ನಡುವೆ ಕೂತವನ ಮೇಲೆ. ಒಂದು ಸಲ ಅವರ ಕಡೆ ದುಭಾಷಿ, ಚಿಕ್ಕ ಹುಡುಗ, ಅನುವಾದ ಮಾಡೋವಾಗ ಏನೋ ಒಂದು ಮಾತು ಬಿಟ್ಟುಬಿಟ್ಟ. ಹೆದರಿಕೊಂಡಿದ್ದ ಪಾಪ. ನಮ್ಮ ಬ್ರಿಗೇಡಿಯರ್ ಎಲ್ಲರ ಎದುರಿಗೇ ಎತ್ತಾಡಿದ್ರು. ಮುಂದಿನ ಮೀಟಿಂಗಿಗೆ ಆ ಹುಡುಗ ಬರಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ."

ನನಗೋ, ಈ ಉಪದೇಶ ಕೇಳಲು ಬಂದೆನೇ ಎಂದು ಅನ್ನಿಸಿತು. ನನ್ನ ಗೋದಾಮಿನಲ್ಲಿ ವರ್ಷದ ದುಡಿಮೆ ಕರಗಲು ಕಾದು ಕೂತಿದೆ, ಇವರು ಯಾವುದೋ ಹುಡುಗಿಗೆ ಮರುಗುತ್ತಿದ್ದಾರೆ. "ಹಾಗಾದ್ರೆ ನಾನು ಏಳು ಪರ್ಸೆಂಟ್ ಬಿಟ್ಟು, ಕ್ಷಮೆ ಕೇಳಿ, ಕೈಮುಗಿದು ಕೂರಲಾ ಸಾರ್?"

"ಬೇಡ. ಒಂದು ಪೈಸೆ ಬಿಡಬೇಡ. ಆದರೆ ಪತ್ರ ಅವಳಿಗೇ ಬರಿ, ಚೀನೀಲಿ. ಮ್ಯಾನೇಜರ್ ಮುಂದೆ ಇಡೋಹಾಗಿರಬೇಕು. ಇಡೋದು ಅವಳ ಕೈಯೇ ಆಗಲಿ."

"ಇಡದೇ ಹೋದ್ರೆ?"

"ಅದು ನಿನ್ನ ಮಾಲು, ನಿನ್ನ ನಷ್ಟ. ನಾನು ಹೇಗೆ ಹೇಳಲಿ?"

ಕಾಫಿ ಆರಿಹೋಯಿತು. ಕೂಲರಿನ ಸದ್ದು ಕೇಳುತ್ತಾ ಕೂತೆ. ಅವಳು ಮುಚ್ಚಿಟ್ಟರೆ ಏನು ಮಾಡುವುದು ಎಂದು ಯೋಚಿಸುತ್ತಿದ್ದ ಹಾಗೆ, ಅವಳು ಯಾಕೆ ಮುಚ್ಚಿಟ್ಟಳು ಎಂಬುದು ತಾನಾಗಿಯೇ ಹೊಳೆಯಿತು. ಹೆದರಿದ್ದಾಳೆ, ಅಷ್ಟೇ. ಹಾಗೆಂದು ನನ್ನ ಸಿಟ್ಟು ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೊನೆಗೆ ಒಂದು ದಾರಿ ಕಂಡಿತು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವರು ಚೀನೀಯಲ್ಲಿ ಬರೆಯುತ್ತಾ ಹೋದರು.

"ಕುಮಾರಿ ಲುವೋ ಅವರೇ, ನಮಸ್ಕಾರ. ಎರಡು ಭಾಷೆಗಳ ಭಾರವನ್ನು ಇಷ್ಟು ದಿನ ತಾವೊಬ್ಬರೇ ಹೊತ್ತಿದ್ದೀರಿ, ಅದಕ್ಕೆ ನಾವು ಋಣಿಗಳು. ಲೇಬಲ್ಲಿನ ಮೊದಲ ಕರಡಿನಲ್ಲಿ ತೂಕ ತಪ್ಪಾಗಿತ್ತು, ಅದನ್ನು ಅದೇ ದಿನ ತಿಳಿಸಿದೆವು. ತಿದ್ದಿದ ಲೇಬಲ್ ನಮಗೆ ತಲುಪುವ ಹೊತ್ತಿಗೆ ಹಡಗು ತಪ್ಪಿತ್ತು. ಆಗಿನ ಇಮೇಲ್‌ಗಳನ್ನು ಲಗತ್ತಿಸಿದ್ದೇವೆ. ಮಾಲು ಸಿದ್ಧವಾಗಿದೆ, ಗುಣಮಟ್ಟ ಚೆನ್ನಾಗಿದೆ. ಆದ್ದರಿಂದ ಬೆಲೆ ಇಳಿಸಲು ಸಾಧ್ಯವಿಲ್ಲ. ಎಲ್‌ಸಿಯ ತಿದ್ದುಪಡಿ ಶುಕ್ರವಾರದೊಳಗೆ ನಮ್ಮ ಬ್ಯಾಂಕಿಗೆ ಬಾರದಿದ್ದರೆ, ವಿಷಾದದಿಂದಲೇ ಈ ಮಾಲನ್ನು ಬೇರೆಯವರಿಗೆ ಕೊಡುತ್ತೇವೆ. ಗುರುವಾರ ಇದೇ ಪತ್ರವನ್ನು ಶ್ರೀ ಪಾನ್ ಅವರಿಗೂ ಕಳುಹಿಸುತ್ತೇವೆ. ಅದಕ್ಕೂ ಮೊದಲೇ ತಾವು ಅವರಿಗೆ ಎಲ್ಲವನ್ನೂ ವಿವರಿಸಿರುತ್ತೀರಿ ಎಂಬ ನಂಬಿಕೆ ನಮಗಿದೆ. ತಮ್ಮ ವ್ಯವಹಾರಕ್ಕೆ ಶುಭ ಹಾರೈಸುತ್ತೇವೆ."

"ಬೇರೆ ಗಿರಾಕಿ ನಿಜಕ್ಕೂ ಇದ್ದಾನಾ?" ಎಂದು ಚಿಣ್ಣಮ್ಮ ಕೇಳಿದರು.

"ಖಾರಿ ಬಾವಲಿ ಮಸಾಲೆ ಮಾರ್ಕೆಟ್ಟಲ್ಲಿ ಒಬ್ಬ ವ್ಯಾಪಾರಿ ಲಾಲಾ ಇದಾನೆ ಆಂಟಿ. ಅರ್ಧ ಬೆಲೆಗೆ ಕೇಳ್ತಾನೆ, ಮೇಲೆ ಚೀನೀ ಲೇಬಲ್ ಕಿತ್ತುಕೊಡು ಅಂತಾನೆ."

ನಾಚಪ್ಪನವರು ನನ್ನ ಆಫೀಸಿಗೆ ಬಂದು, ಕಂಪ್ಯೂಟರಿಗೆ ಚೀನೀ ಅಕ್ಷರ ಹಾಕಿಸಿ, ಒಂದೇ ಬೆರಳಿನಲ್ಲಿ ಟೈಪು ಮಾಡಿದರು. ಸೋಮವಾರ ಬೆಳಿಗ್ಗೆ ಇಮೇಲ್ ಹೋಯಿತು.

ಮಂಗಳವಾರ ಜನರೇಟರ್ ಕೈಕೊಟ್ಟಿತು. ಮೆಕ್ಯಾನಿಕ್ ಭಯ್ಯಾ ಬರುವವರೆಗೆ ನಾನು ಗೋದಾಮಿನ ಥರ್ಮಾಮೀಟರ್ ಮುಂದೆಯೇ ನಿಂತಿದ್ದೆ. ಮೂವತ್ತೆಂಟರಲ್ಲಿ ಕರೆಂಟು ಬಂತು. ಒಂದು ಡ್ರಮ್ಮು ತೆಗೆಸಿ ನೋಡಿದೆ, ಹರಳುಗಳು ಒಂದಕ್ಕೊಂದು ಅಂಟಿರಲಿಲ್ಲ. ಬುಧವಾರವೂ ಚೀನಾದಿಂದ ಒಂದಕ್ಷರ ಬರಲಿಲ್ಲ. ಆ ಹುಡುಗಿಯನ್ನು ನಂಬಿದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ, ನಾಚಪ್ಪನವರನ್ನೂ ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ಗುರುವಾರ ಬೆಳಿಗ್ಗೆ ಪಾನ್ ಅವರ ವಿಳಾಸ ಹಾಕಿ ಪತ್ರ ಸಿದ್ಧಮಾಡಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಬ್ಯಾಂಕಿನಿಂದ ಫೋನು. "ಮೇಡಂ, ಆಪ್‌ಕಾ ಅಮೆಂಡ್‌ಮೆಂಟ್ ಆ ಗಯಾ." ತಿದ್ದುಪಡಿ ಬಂದಿತ್ತು, ತಾರೀಕು ಒಂದು ತಿಂಗಳು ಮುಂದೆ ಹೋಗಿತ್ತು. ಬೆಲೆ ಇದ್ದದ್ದು ಇದ್ದಹಾಗೇ ಇತ್ತು. ನಾನು ಫೋನಿಟ್ಟು, ಯಾರೂ ಇಲ್ಲದ ಆಫೀಸಿನಲ್ಲಿ ಗಟ್ಟಿಯಾಗಿ ಅತ್ತೆ. ಅತ್ತು ಮುಗಿಸಿ, ತಂಪಿನ ಕಂಟೇನರ್ ಕಳಿಸಿ ಎಂದು ಸಾಗಣೆಯವರಿಗೆ ಹೇಳಿದೆ.

ಲುವೋಳ ಇಮೇಲ್ ಮಧ್ಯಾಹ್ನ ಬಂತು. ಈ ಸಲ ಚೀನೀಯಲ್ಲಿತ್ತು. ಕಂಟೇನರಿಗೆ ಡ್ರಮ್ಮುಗಳನ್ನು ತುಂಬಿಸಿ, ಅದು ತುಘಲಕಾಬಾದ್ ಡಿಪೋದ ಕಡೆ ಹೊರಟ ಮೇಲೆಯೇ ಪ್ರಿಂಟ್ ಹಿಡಿದು ನಾಚಪ್ಪನವರ ಮನೆಗೆ ಹೋದೆ. ಅವರು ನಿಧಾನವಾಗಿ ಓದಿದರು.

"ತಮ್ಮ ಪತ್ರವನ್ನು ಮೂರು ದಿನ ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೆ. ಬುಧವಾರ ಸಂಜೆ ಮ್ಯಾನೇಜರ್ ಪಾನ್ ಅವರ ಮುಂದೆ ಇಟ್ಟೆ. ತಪ್ಪು ನನ್ನದು, ಕರೆಂಟಿನ ಮಾತು ಸುಳ್ಳು ಎಂದು ಹೇಳಿದೆ. ಅವರು ಓದಿ, ಆಗಲೇ ಬ್ಯಾಂಕಿಗೆ ಬರೆದರು. ಮುಂದಿನ ತಿಂಗಳಿನಿಂದ ನಾನು ಈ ಕೆಲಸದಲ್ಲಿ ಇರುವುದಿಲ್ಲ. ತಮ್ಮ ಮಾಲು ಸುರಕ್ಷಿತವಾಗಿ ಬರಲಿ. ಕ್ಷಮಿಸಿ."

ನಾಚಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಅವಳು ಹೇಳಿಬಿಟ್ಟಿದ್ದಳು. ನನ್ನ ಪತ್ರದಲ್ಲಿ ಅವಳ ತಪ್ಪೆಂದು ಎಲ್ಲೂ ಇರಲಿಲ್ಲ, ಬೇಕಿದ್ದರೆ ಬೇರೊಬ್ಬರ ತಲೆಗೆ ಕಟ್ಟಬಹುದಿತ್ತು. ಮುಖವನ್ನೇ ನೋಡದ ಆ ಹುಡುಗಿಯ ಮೇಲೆ ನನಗೆ ಅಕ್ಕರೆ ಉಕ್ಕಿ ಬಂತು.

"ಇನ್ನೊಂದು ಪತ್ರ ಬರೀಬೇಕು ಸಾರ್," ಎಂದೆ. "ಈ ಸಲ ಪಾನ್‌ಗೇ."

"ಮಾಲು ಹೊರಟಾಯ್ತಲ್ಲಮ್ಮಾ?"

"ಬರ್ಕೊಳಿ. ಗೌರವಾನ್ವಿತ ಪಾನ್ ಅವರಿಗೆ. ತಿದ್ದುಪಡಿಗೆ ಧನ್ಯವಾದ. ದೀಪಾವಳಿ ಹೊತ್ತಿಗೆ ತಾವು ಇನ್ನೊಂದು ಆರ್ಡರ್ ಕೊಡುವ ಮಾತಾಡಿದ್ದಿರಿ. ಅದರ ಪತ್ರವ್ಯವಹಾರವನ್ನು ಕುಮಾರಿ ಲುವೋ ಅವರೇ ನೋಡಿಕೊಳ್ಳಬೇಕು ಎಂಬುದು ನಮ್ಮ ಕೋರಿಕೆ. ಕೇಳದೆಯೇ ತಪ್ಪು ಒಪ್ಪಿಕೊಂಡವರ ಮಾತನ್ನು ನಾವು ಕಣ್ಣುಮುಚ್ಚಿ ನಂಬಬಹುದು. ಅವರಿಲ್ಲದಿದ್ದರೆ, ವಿಷಾದದಿಂದಲೇ, ಆ ಆರ್ಡರನ್ನು ನಾವು ಒಪ್ಪಿಕೊಳ್ಳಲಾರೆವು."

ನಾಚಪ್ಪನವರ ಪೆನ್ನು ಕೊನೆಯ ಸಾಲಿನಲ್ಲಿ ನಿಂತಿತು. "ಇಷ್ಟು ಗಟ್ಟಿಯಾಗಿ ಬೇಕಾ? ಆರ್ಡರ್ ಹೋಗಿಬಿಡಬಹುದು."

"ಗೊತ್ತು ಸಾರ್."

"ಸ್ವಲ್ಪ ಮೆತ್ತಗೆ ಮಾಡ್ಲಾ?"

ಅಷ್ಟು ದೊಡ್ಡ ಗಿರಾಕಿ ನನಗಿದ್ದದ್ದು ಅವರೊಬ್ಬರೇ. ಕಳೆದುಕೊಳ್ಳಲು ನನಗೂ ಮನಸ್ಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

"ಬೇಡ. ಮರ್ಯಾದೆ ಎಷ್ಟು ಬೇಕೋ ಅಷ್ಟು ಸೇರಿಸಿ. ಕೊನೇ ಸಾಲು ಮಾತ್ರ ಹಾಗೇ ಇರಲಿ."

ಅವರು ಬರೆದರು.