ಸಾಕ್ಷಿಗೆ ಬದಲಿಯಿಲ್ಲ

ದೊಡ್ಡ ರೋಲರಿಗೆ ಇಬ್ಬರು ಬೇಕೇ ಬೇಕು. ಆಸ್ಪತ್ರೆಯ ಹಾಸು ಹೊದಿಕೆಗಳನ್ನು ಒಗೆಯುವ ಆ ಲಾಂಡ್ರಿಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಒದ್ದೆ ಹಾಸಿನ ಒಂದು ಮೂಲೆ ಒಬ್ಬಳ ಕೈಯಲ್ಲಿ, ಇನ್ನೊಂದು ಇನ್ನೊಬ್ಬಳ ಕೈಯಲ್ಲಿ. ಇಬ್ಬರೂ ಒಟ್ಟಿಗೆ ಎಳೆದು ಬಿಗಿ ಮಾಡಿ, ಇಸ್ತ್ರಿ ಮಾಡುವ ಕಾದ ರೋಲರಿನ ಬಾಯಿಗೆ ಕೊಡಬೇಕು. ಒಬ್ಬಳು ಅರೆಗಳಿಗೆ ತಡಮಾಡಿದರೂ ಹಾಸು ಸೊಟ್ಟಗೆ ಹೋಗಿ ಸುತ್ತಿಕೊಳ್ಳುತ್ತದೆ. ಹಾಗಾಗಿ ಕೂಲಿಯೂ ಜೋಡಿಗೇ. ಒಬ್ಬಳು ಬರದಿದ್ದರೆ ಇನ್ನೊಬ್ಬಳನ್ನೂ ಬಾಗಿಲಿಂದಲೇ ಮನೆಗೆ ಕಳಿಸುವುದು ಅಲ್ಲಿನ ಪದ್ಧತಿ.

ಎರಡನೇ ರೋಲರಿನ ಜೋಡಿ ಗಿಡ್ಡಿ ಮತ್ತು ಉದ್ದಕ್ಕ. ಗಿಡ್ಡಿ ಮರದ ಮಣೆ ಹಾಕಿಕೊಂಡು ನಿಂತರೂ ಉದ್ದಕ್ಕನ ಭುಜಕ್ಕೆ ಬರುತ್ತಿರಲಿಲ್ಲ. ಆದರೂ ಅವರಿಬ್ಬರ ಕೈಯಿಂದ ಹೋದ ಹಾಸಿನಲ್ಲಿ ಒಂದು ಸುಕ್ಕು ಹುಡುಕಿ ತೋರಿಸಿದವರಿಲ್ಲ.

ಆ ಬೆಳಿಗ್ಗೆ ಗಿಡ್ಡಿ ಮೇಲ್ವಿಚಾರಕಿಯ ಮೇಜಿನ ಮುಂದೆ ಬಂದು ನಿಂತಾಗ, ಅವಳ ಕೈಯಲ್ಲಿ ಏನಿದೆಯೆಂದು ಮೇಲ್ವಿಚಾರಕಿಗೆ ನೋಡದೆಯೇ ತಿಳಿಯಿತು.

"ಮತ್ತೆ ಬಂತಾ?"

"ಬಂತು ಮೇಡಂ. ಸೋಮವಾರಕ್ಕೆ."

ಅದು ಕೋರ್ಟಿನ ಸಮನ್ಸು. ಗಿಡ್ಡಿಯ ಎದುರುಮನೆಯ ಹೆಂಗಸನ್ನು ಅವಳ ಗಂಡ ಮಹಡಿ ಮೆಟ್ಟಿಲ ತುದಿಯಿಂದ ಕೆಳಕ್ಕೆ ನೂಕಿದ್ದ. ಅವಳು ಉಳಿಯಲಿಲ್ಲ. ಕಾಲು ಜಾರಿ ಬಿದ್ದಳು ಎಂಬುದು ಅವನ ಮಾತು. ಕೊಡದಲ್ಲಿ ನೀರು ಹಿಡಿಯುತ್ತಿದ್ದ ಗಿಡ್ಡಿ, ಅವನ ಎರಡೂ ಕೈ ಹೆಂಡತಿಯ ಬೆನ್ನ ಮೇಲಿದ್ದದ್ದನ್ನು ಕಣ್ಣಾರೆ ಕಂಡಿದ್ದಳು. ಕಂಡವಳು ಅವಳೊಬ್ಬಳೇ. ಪೊಲೀಸರಿಗೆ ಹಾಗೆಯೇ ಹೇಳಿದ್ದಳು. ಇನ್ನು ಅದನ್ನು ನ್ಯಾಯಾಧೀಶರ ಮುಂದೆ ಹೇಳುವುದು ಬಾಕಿ.

ಈಗಾಗಲೇ ಎರಡು ಸಲ ಹೋಗಿ ಬಂದಿದ್ದಳು. ಮೊದಲ ಸಲ ನ್ಯಾಯಾಧೀಶರೇ ರಜೆಯಲ್ಲಿದ್ದರು. ಎರಡನೇ ಸಲ ಆರೋಪಿಯ ವಕೀಲರು ಮೈಗೆ ಹುಷಾರಿಲ್ಲವೆಂದು ಮುಂದಿನ ದಿನ ಕೇಳಿದ್ದರು. ಎರಡು ಸಲವೂ ಗಿಡ್ಡಿ ಸಂಜೆಯವರೆಗೆ ಬೆಂಚಿನ ಮೇಲೆ ಕೂತು, ಬಂದದ್ದಕ್ಕೆ ಒಂದು ಚೀಟಿ ಬರೆಸಿಕೊಂಡು ಮರಳಿದ್ದಳು. ಎರಡು ಸಲವೂ ಉದ್ದಕ್ಕ ಕೂಲಿಯಿಲ್ಲದೆ ಮನೆಗೆ ಹೋಗಿದ್ದಳು.

"ಈ ಸಲಾನೂ ನಾನು ಮನೇಲಿ ಕೂತು ಗೋಡೆ ನೋಡ್ಬೇಕಾ?" ಎಂದು ಉದ್ದಕ್ಕ ರೋಲರಿನ ಹತ್ತಿರದಿಂದಲೇ ಕೂಗಿದಳು. "ನೋಡಿದ್ದು ಇವಳ ಕಣ್ಣು, ಉರಿಯೋದು ನನ್ನ ಹೊಟ್ಟೆ!"

"ನಾನೇನು ಬೇಕು ಬೇಕು ಅಂತ ನೋಡಿದ್ನಾ ಅಕ್ಕ? ಕೊಳಾಯಿ ಅಲ್ಲೇ ಇದೆ."

"ಮುಖ ತಿರುಗಿಸ್ಕೊಂಡು ನೀರು ಹಿಡೀಬೇಕಿತ್ತು, ತಾಯಿ."

ಸುತ್ತಲಿನವರು ನಕ್ಕರು. ಗಿಡ್ಡಿಯೂ ನಕ್ಕಳು. ಆದರೆ ಮೇಲ್ವಿಚಾರಕಿಯ ಕಡೆ ತಿರುಗಿ ದನಿ ತಗ್ಗಿಸಿದಳು. "ಮೇಡಂ, ಈ ಸಲ ಹೇಳಿಬಿಡ್ತೀನಿ. ದಿನಾ ಮಲಗುವಾಗ ಒಂದು ಸಲ ಹೇಳಿ ಅಭ್ಯಾಸ ಮಾಡಿದ್ದೀನಿ. ಇನ್ನೂ ತಡವಾದ್ರೆ ಧೈರ್ಯ ಇಳಿದುಹೋಗುತ್ತೆ."

ಮೇಲ್ವಿಚಾರಕಿ ಯಾವುದನ್ನೂ ಅರ್ಧ ತಿಳಿದುಕೊಂಡು ಸುಮ್ಮನಿರುವವಳಲ್ಲ. ಊಟದ ಬಿಡುವಿನಲ್ಲಿ ಸಮನ್ಸಿನಲ್ಲಿದ್ದ ಕೋರ್ಟಿನ ವಿಳಾಸ ಹಿಡಿದು ಹೋಗಿ, ಅಲ್ಲಿಯ ಗುಮಾಸ್ತರನ್ನೇ ಕೇಳಿದಳು.

"ಸಮನ್ಸು ಅಂದ್ರೆ ಮದುವೆ ಕರೆಯೋಲೆ ಅಲ್ಲಮ್ಮ, ಬಿಡುವಿದ್ರೆ ಬನ್ನಿ ಅನ್ನೋಕೆ" ಎಂದರು ಗುಮಾಸ್ತರು, ತಲೆಯೆತ್ತದೆ. "ಅದು ನ್ಯಾಯಾಲಯದ ಆಜ್ಞೆ. ನಿಮ್ಮ ಲಾಂಡ್ರಿ ಯಜಮಾನರು ರಜೆ ಕೊಡೋದೂ ಇಲ್ಲ, ಬಿಡೋದೂ ಇಲ್ಲ. ಅವರ ಕೈಲಿ ಇರೋ ವಿಷಯಾನೇ ಅಲ್ಲ ಅದು. ಬರದಿದ್ರೆ ಅವಳ ಮೇಲೆ ವಾರಂಟ್. ತಡೆದೋರು ಇದ್ರೆ ಅವರು ಜಡ್ಜ್ ಸಾಹೇಬರಿಗೆ ಉತ್ತರ ಹೇಳ್ಬೇಕು."

"ಆ ದಿನದ ಕೂಲಿ?"

"ಅದನ್ನ ಯಜಮಾನರು ಕೊಡಲೇಬೇಕು ಅಂತ ನಾನು ಹೇಳಕ್ಕಾಗಲ್ಲ. ಬಸ್ಸಿನ ಖರ್ಚು, ಭತ್ಯೆ ಅಂತ ಕೋರ್ಟಿಂದ ಒಂದಿಷ್ಟು ಬರುತ್ತೆ. ಕೇಳಿ ತಗೋಬೇಕು, ಯಾರೂ ಕರೆದು ಕೊಡಲ್ಲ."

ಇದನ್ನೆಲ್ಲ ಅವಳು ಯಜಮಾನರ ಮುಂದೆ ಒಂದಕ್ಷರ ಬಿಡದೆ ಒಪ್ಪಿಸಿದಳು. ಯಜಮಾನರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

"ನಾನೆಲ್ಲಮ್ಮ ಬೇಡ ಅಂದೆ? ಧಾರಾಳವಾಗಿ ಹೋಗಲಿ. ಒಬ್ಬ ಬದಲಿಯವಳನ್ನ ನಿಲ್ಲಿಸಿ ಹೋಗಲಿ, ಅಷ್ಟೇ."

"ಸಾರ್, ರೋಲರಿಗೆ ಬದಲಿ ಸಿಗೋದು ಕಷ್ಟ. ಕೈ ಪಳಗಿಲ್ಲದೋರು ಬೆರಳು ಸುಟ್ಕೋತಾರೆ."

"ಹಾಗಾದ್ರೆ ನೀವೇ ಒಂದು ದಾರಿ ನೋಡಿ. ಎರಡು ಸಲ ಹೋಗಿ ಬೆಂಚು ಒರೆಸಿ ಬಂದಿದ್ದಾಳೆ. ಸೋಮವಾರ ಆಸ್ಪತ್ರೆಯಿಂದ ಎಷ್ಟು ಬಟ್ಟೆ ಬರುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ? ಬೆಳಿಗ್ಗೆ ಕೆಲಸ ಮಾಡ್ಲಿ. ಅಲ್ಲಿ ಕರೆದ್ರೆ ಫೋನ್ ಬರುತ್ತೆ, ಆಟೋ ಹತ್ತಿಸಿ ಕಳಿಸಿ. ಆಟೋ ಖರ್ಚು ನನ್ನದು."

ಕೇಳಲಿಕ್ಕೆ ಎಷ್ಟು ಸರಿಯಾಗಿತ್ತು! ಅಲ್ಲಿ ಯಾರೂ ಯಾರಿಗೂ ಇಲ್ಲ ಅಂದಿರಲಿಲ್ಲ. ಮೇಲ್ವಿಚಾರಕಿ ಆ ರಾತ್ರಿಯೆಲ್ಲ ಹೊರಳಾಡಿದಳು. ತಪ್ಪು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲು ಆಗಲಿಲ್ಲ. ಬೆಳಿಗ್ಗೆ, ಸಮನ್ಸು ತಂದಿದ್ದ ಕೋರ್ಟಿನ ಪೇದೆಗೆ ಫೋನ್ ಮಾಡಿ, ಕೇಸು ಕೂಗುವ ಮೊದಲೇ ತನಗೆ ಫೋನ್ ಮಾಡಬೇಕೆಂದು ಕೇಳಿಕೊಂಡಳು. ಅವನು "ಮಾಡ್ತೀನಿ, ಆದ್ರೆ ನನ್ನನ್ನೇ ನೆಚ್ಕೊಂಡು ಕೂರಬೇಡಿ" ಎಂದ. ಆ ಮಾತಿನ ಮೊದಲರ್ಧವನ್ನಷ್ಟೇ ಅವಳು ಗಿಡ್ಡಿಗೆ ತಲುಪಿಸಿದಳು.

ಗಿಡ್ಡಿ ಸಮನ್ಸನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನೀವು ಹೇಳಿದ್ರೆ ಸರಿ ಮೇಡಂ" ಎಂದಳು.

ಸೋಮವಾರ ಗಿಡ್ಡಿ ಒಳ್ಳೆಯ ಸೀರೆಯುಟ್ಟು ಬಂದು, ಅದರ ಮೇಲೆಯೇ ಕೆಲಸದ ಅಂಗಿ ತೊಟ್ಟಳು. "ಕೋರ್ಟಿಗೆ ಹೋಗೋ ಹೆಣ್ಣು, ನೋಡ್ರೇ" ಎಂದು ಉದ್ದಕ್ಕ ರೇಗಿಸಿದಳು. ಆದರೆ ಹಾಸು ಎಳೆಯುವಾಗ ಆ ಸೀರೆಯ ಸೆರಗು ರೋಲರಿಗೆ ಸಿಗದಂತೆ ತಾನೇ ಅದನ್ನು ಗಿಡ್ಡಿಯ ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿದಳು. ಯಂತ್ರಗಳ ಹತ್ತಿರ ಯಾರೂ ಫೋನ್ ಇಟ್ಟುಕೊಳ್ಳುವಂತಿರಲಿಲ್ಲ. ಪೇದೆ ಕರೆಯಬೇಕಾದದ್ದು ಮೇಲ್ವಿಚಾರಕಿಯ ಫೋನಿಗೆ. ಅವಳು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಮಾತುಮಾತಿಗೆ ತೆಗೆದು ನೋಡುತ್ತಿದ್ದಳು.

ಬೆಳಗಿನ ಚಹಾ ಮುಗಿದಿತ್ತಷ್ಟೆ. ಕೊಳೆಬಟ್ಟೆ ವಿಂಗಡಿಸುವ ಕೋಣೆಯಿಂದ ಕಿರುಚಿದ ಸದ್ದು. ರಕ್ತದ ಹಾಸಿನ ಮಡಿಕೆಯಲ್ಲಿ ಯಾರೋ ಬಿಟ್ಟಿದ್ದ ಸೂಜಿ ಒಬ್ಬಳ ಅಂಗೈಗೆ ಚುಚ್ಚಿತ್ತು. ಆ ಕೋಣೆಗೆ ಹೊರಗಿನ ಅಂಗಿ ತೊಟ್ಟು ಹೋಗುವಂತಿಲ್ಲ. ಮೇಲ್ವಿಚಾರಕಿ ಅಂಗಿ ಕಳಚಿ ಗೂಟಕ್ಕೆ ಹಾಕಿ, ಆ ಕೋಣೆಯ ನಿಲುವಂಗಿ ಸುತ್ತಿಕೊಂಡು ಓಡಿದಳು. ಗಾಯವನ್ನು ಹರಿಯುವ ನೀರಿಗೆ ಹಿಡಿಸಿದಳು, ಅಳುವವಳನ್ನು ಸಮಾಧಾನ ಮಾಡಿದಳು, ಆಸ್ಪತ್ರೆಗೆ ಕಳಿಸಲು ಗಾಡಿ ಹೇಳಿದಳು, ಸೂಜಿಯನ್ನು ಡಬ್ಬಿಗೆ ಹಾಕಿಸಿದಳು, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದಳು. ಮಾಡಬೇಕಾದ ಒಂದನ್ನೂ ಬಿಡಲಿಲ್ಲ.

ಹೊರಗೆ ಬಂದು ಅಂಗಿ ತೊಟ್ಟಾಗ ಜೇಬಿನಲ್ಲಿ ಫೋನಿದ್ದದ್ದು ನೆನಪಾಯಿತು. ಪೇದೆ ಮತ್ತೆ ಮತ್ತೆ ಕರೆದಿದ್ದ.

ಆಟೋದಲ್ಲಿ ಗಿಡ್ಡಿ ಕೆಲಸದಂಗಿ ಕಳಚುವುದನ್ನೂ ಮರೆತು ಕೂತಿದ್ದಳು. ಕೋರ್ಟಿನ ಮೆಟ್ಟಿಲ ಬಳಿ ಪೇದೆ ಕೈ ಚೆಲ್ಲಿ ನಿಂತಿದ್ದ. "ಇವತ್ತು ಮೊದಲನೇ ಕೇಸೇ ಇದು ಮೇಡಂ. ಇವಳ ಹೆಸರು ಮೂರು ಸಲ ಕೂಗಿದ್ರು. ಸರ್ಕಾರಿ ವಕೀಲರು ಕಾದ್ರು, ಕಾದ್ರು. ಆ ಕಡೆ ವಕೀಲರು, ಸಾಕ್ಷಿಗೇ ಆಸಕ್ತಿ ಇಲ್ಲ ಅಂದ್ರು. ವಾರಂಟ್ ಆಯ್ತು."

"ನಾವು ಈಗ ಬಂದಿದ್ದೀವಲ್ಲ?"

"ಇವತ್ತಿನದು ಮುಗೀತು. ಮುಂದಿನ ತಿಂಗಳು."

ಕಂಬದ ಹತ್ತಿರ ಸತ್ತವಳ ತಾಯಿ ನಿಂತಿದ್ದಳು. ಗಿಡ್ಡಿಯ ಒದ್ದೆ ಕೆಲಸದಂಗಿಯನ್ನೂ ಅದರ ಕೆಳಗೆ ಇಣುಕುತ್ತಿದ್ದ ಸೀರೆಯನ್ನೂ ನೋಡಿದಳು.

ಆ ಒಂದು ತಿಂಗಳಲ್ಲಿ ಆದದ್ದು ಇಷ್ಟು. ವಾರಂಟ್ ಹಿಡಿದು ಪೊಲೀಸರು ಲಾಂಡ್ರಿಗೇ ಬಂದರು. ಎಲ್ಲರೆದುರು ಗಿಡ್ಡಿಯಿಂದ, ಬರುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡರು. ಪೊಲೀಸರನ್ನು ಕಂಡದ್ದೇ ತಡ ಯಜಮಾನರು ಮೆತ್ತಗಾದರು. ಮುಂದಿನ ಸಲ ಇಡೀ ದಿನ ರಜೆ, ಕೂಲಿ ಸಮೇತ, ಉದ್ದಕ್ಕನಿಗೂ ಸೇರಿಸಿ ಎಂದರು. ಉದ್ದಕ್ಕ ಮಾತ್ರ "ಈಗ ಬಂತು ದಾನಶೂರನಿಗೆ ಬುದ್ಧಿ" ಎಂದಳು, ಅವರು ಆಚೆ ಹೋದ ಮೇಲೆ.

ಇನ್ನೊಂದೂ ಆಯಿತು. ಆರೋಪಿ ಜಾಮೀನಿನ ಮೇಲೆ ಹೊರಗಿದ್ದ. ಅವನ ಅಣ್ಣನೊಬ್ಬ ಒಂದು ಸಂಜೆ ಲಾಂಡ್ರಿಯ ಗೇಟಿನ ಹತ್ತಿರ ಗಿಡ್ಡಿಗಾಗಿ ಕಾಯುತ್ತಿದ್ದ. ಕಾವಲಿನ ತಾತ ಇದನ್ನು ಮೇಲ್ವಿಚಾರಕಿಗೆ ಹೇಳಿದ. ಅವಳು ಗಿಡ್ಡಿಯನ್ನು ಕೇಳಿದಾಗ, "ಏನಿಲ್ಲ ಮೇಡಂ, ದಾರಿ ಕೇಳ್ದ" ಎಂದಳು. ಪೊಲೀಸರಿಗೆ ಹೇಳೋಣವಾ ಎಂದದ್ದಕ್ಕೆ, ಕೈ ಮುಗಿದು, "ನನ್ನ ಬಿಟ್ಟುಬಿಡಿ" ಎಂದಳು. ಅಂದಿನಿಂದ ರೋಲರಿನಲ್ಲಿ ಹಾಸು ಒಂದೆರಡು ಸಲ ಸೊಟ್ಟಗೆ ಹೋಯಿತು.

ಮುಂದಿನ ತಿಂಗಳ ವಿಚಾರಣೆಯ ದಿನ ಮೇಲ್ವಿಚಾರಕಿಯೂ ರಜೆ ಹಾಕಿ ಜೊತೆಗೆ ಹೋದಳು. ಕಟಕಟೆಯೇರಿದ ಗಿಡ್ಡಿಯನ್ನು ನ್ಯಾಯಾಧೀಶರು, ಹೋದ ಸಲ ಯಾಕೆ ಬರಲಿಲ್ಲ ಎಂದು ಕೇಳಿದರು. ಗಿಡ್ಡಿ ತಲೆ ತಗ್ಗಿಸಿದಳು. ಹಿಂದಿನ ಬೆಂಚಿನಿಂದ ಮೇಲ್ವಿಚಾರಕಿ ಎದ್ದಳು.

"ಸ್ವಾಮಿ, ಅವಳು ಬರೋಕೆ ತಯಾರಿದ್ಲು. ನಾನು ಕೆಲಸಕ್ಕೆ ನಿಲ್ಲಿಸ್ಕೊಂಡೆ. ಯಜಮಾನರು ಬದಲಿ ಕೊಟ್ಟು ಹೋಗು ಅಂದಿದ್ರು."

ನ್ಯಾಯಾಧೀಶರು ಕನ್ನಡಕ ತೆಗೆದರು. "ಸಾಕ್ಷಿಗೆ ಬದಲಿ ಇರುತ್ತೇನಮ್ಮ? ಅವಳ ಕಣ್ಣು ನಿಮ್ಮ ಯಜಮಾನರ ಸ್ವತ್ತಾ?" ಎಂದರು. ವಾರಂಟನ್ನು ರದ್ದು ಮಾಡಿ, ದಂಡವಿಲ್ಲ ಎಂದರು. ಲಾಂಡ್ರಿಯ ಯಜಮಾನ ಮುಂದಿನ ವಾರ ತಾನೇ ಬಂದು ವಿವರಣೆ ಕೊಡಬೇಕೆಂದು ಬರೆಸಿದರು. ತನ್ನ ಕೆಲಸ ಹೋಯಿತೆಂದು ಮೇಲ್ವಿಚಾರಕಿಗೆ ಆಗಲೇ ಅನ್ನಿಸಿತು. ಆದರೂ ಹಗುರಾಗಿ ಕೂತಳು.

ಸರ್ಕಾರಿ ವಕೀಲರು ಎದ್ದರು. "ಆ ದಿನ ಮೆಟ್ಟಿಲ ಮೇಲೆ ನೀವು ಏನು ನೋಡಿದಿರಿ?"

ಗಿಡ್ಡಿ ಕಟಕಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಏನೂ ನೋಡ್ಲಿಲ್ಲ ಸ್ವಾಮಿ. ಬಾಗಿಲು ಹಾಕ್ಕೊಂಡು ಮಲಗಿದ್ದೆ."

ವಕೀಲರು ಪೊಲೀಸರ ಮುಂದೆ ಅವಳು ಕೊಟ್ಟಿದ್ದ ಹೇಳಿಕೆಯನ್ನು ಓದಿದರು. ಸಾಕ್ಷಿ ತಿರುಗಿಬಿದ್ದಳೆಂದು ನ್ಯಾಯಾಧೀಶರ ಅನುಮತಿ ಪಡೆದು, ಗದರಿಸಿದಂತೆ ಒಂದೊಂದೇ ಸಾಲನ್ನು ಕೇಳಿದರು. ಪ್ರತಿಯೊಂದಕ್ಕೂ ಅವಳು "ಹಾಗೆ ಹೇಳಿಲ್ಲ" ಎಂದಳು. ಆರೋಪಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಅವನ ಅಣ್ಣ ಬಾಗಿಲಲ್ಲಿ ನಿಂತಿದ್ದ. ನ್ಯಾಯಾಧೀಶರು ಒಮ್ಮೆ ಬಾಗಿಲ ಕಡೆ, ಒಮ್ಮೆ ಗಿಡ್ಡಿಯ ಕಡೆ ನೋಡಿ, "ಯಾರಾದ್ರೂ ಹೆದರಿಸಿದ್ದಾರಾ? ಹೇಳು, ರಕ್ಷಣೆ ಕೊಡಿಸ್ತೀನಿ" ಎಂದರು.

"ಇಲ್ಲ ಸ್ವಾಮಿ."

ಹೊರಗಿನ ಪಡಸಾಲೆಯಲ್ಲಿ ಮೇಲ್ವಿಚಾರಕಿ ಅವಳನ್ನು ಹಿಡಿದು ನಿಲ್ಲಿಸಿದಳು. ಬೈಯಬೇಕೆಂದಿದ್ದಳು. ಅಷ್ಟರಲ್ಲಿ ಗಿಡ್ಡಿಯೇ ಬಾಯಿ ತೆರೆದಳು.

"ನನ್ನ ಮಗಳು ಯಾವ ಬಸ್ಸಲ್ಲಿ ಶಾಲೆಗೆ ಹೋಗ್ತಾಳೆ, ಎಲ್ಲಿ ಇಳೀತಾಳೆ, ಎಲ್ಲಾ ಹೇಳ್ದ ಮೇಡಂ, ಗೇಟಿನ ಹತ್ರ ಬಂದಿದ್ದ ಆ ಅಣ್ಣ" ಎಂದಳು ಗಿಡ್ಡಿ. "ಅವನು ಬೇರೆ ಊರೋನು, ಆ ಸೋಮವಾರದ ತನಕ ಅವನಿಗೆ ನಾನು ಯಾರು ಅಂತಾನೂ ಗೊತ್ತಿರ್ಲಿಲ್ಲ. ಅವತ್ತು ನನ್ನ ಹೆಸರು ಕೂಗಿ ಕೂಗಿ ಎಲ್ರಿಗೂ ಗೊತ್ತು ಮಾಡ್ಸಿದ್ರಲ್ಲ. ಅವತ್ತಾದ್ರೆ ಹೇಳ್ತಿದ್ದೆ. ದೇವ್ರಾಣೆ ಹೇಳ್ತಿದ್ದೆ."

ಸತ್ತವಳ ತಾಯಿ ಅಲ್ಲೇ ಬೆಂಚಿನ ಮೇಲಿದ್ದಳು. ಎಲ್ಲವೂ ಕೇಳಿಸಿರಬೇಕು. ಮೇಲ್ವಿಚಾರಕಿ ಅವಳ ಕಡೆ ಎರಡು ಹೆಜ್ಜೆ ಇಟ್ಟಳು. ಮುದುಕಿ ಎದ್ದು, ಗೋಡೆ ಹಿಡಿದುಕೊಂಡು, ಇನ್ನೊಂದು ಕಡೆಯ ಮೆಟ್ಟಿಲು ಇಳಿದು ಹೋದಳು.